ಭಾಗವತ 1.3.28: ಕೃಷ್ಣನನ್ನು ಸ್ವಯಂ ಭಗವಂತನೆನ್ನುವ ಶ್ಲೋಕ

ಭಾಗವತ ಪುರಾಣದ ಮೊದಲನೆಯ ಸ್ಕಂಧದ ಮೂರನೆಯ ಅಧ್ಯಾಯದಲ್ಲಿರುವ 28ನೆಯ ಶ್ಲೋಕ. ಇವರು ಪುರುಷನ ಅಂಶಗಳು ಮತ್ತು ಕಲೆಗಳು, ಕೃಷ್ಣನಾದರೋ ಸ್ವಯಂ ಭಗವಂತ ಎಂಬುದು ಇದರ ಪೂರ್ವಾರ್ಧದ ಸಾಮಾನ್ಯ ಅರ್ಥ. ವಿಷ್ಣುವಿನ ಮೂಲರೂಪಕ್ಕೂ ಕೃಷ್ಣನಿಗೂ ಇರುವ ಸಂಬಂಧವೇನು ಎಂಬ ಚರ್ಚೆಯಲ್ಲಿ ವೈಷ್ಣವ ಸಂಪ್ರದಾಯಗಳು ಇದನ್ನು ಪರಸ್ಪರ ವಿರುದ್ಧವಾದ ನಿಲುವುಗಳಿಗೆ ಪ್ರಮಾಣವಾಗಿ ಬಳಸಿವೆ.

ಸಂದರ್ಭ. ನೈಮಿಷಾರಣ್ಯದಲ್ಲಿ ಸೂತನು ಶೌನಕಾದಿಗಳಿಗೆ ಅವತಾರಗಳನ್ನು ಎಣಿಸಿ ಹೇಳುತ್ತಾನೆ. ನೀರಿನಲ್ಲಿ ಮಲಗಿದ ಪುರುಷರೂಪವೇ ಅವತಾರಗಳ ಬೀಜವೆಂದು ಆರಂಭಿಸಿ ಕುಮಾರರು, ವರಾಹ, ನಾರದ ಎಂದು ಮುಂದುವರಿದು ಕಲ್ಕಿಯವರೆಗೆ 22 ಅವತಾರಗಳನ್ನು ಹೆಸರಿಸುತ್ತಾನೆ. ಈ ಪಟ್ಟಿಯಲ್ಲಿ ಬಲರಾಮ ಮತ್ತು ಕೃಷ್ಣರದು 19 ಮತ್ತು 20ನೆಯ ಸ್ಥಾನ. ಬಳಿಕ ಅವತಾರಗಳು ಅಸಂಖ್ಯವೆಂದೂ, ಋಷಿಗಳು, ಮನುಗಳು, ದೇವತೆಗಳು ಹರಿಯ ಕಲೆಗಳೆಂದೂ ಹೇಳಿದ ಮೇಲೆ ಈ ಶ್ಲೋಕ ಬರುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಪಟ್ಟಿಯೊಳಗೆ ಒಬ್ಬನಾಗಿ ಎಣಿಸಲ್ಪಟ್ಟ ಕೃಷ್ಣನನ್ನು ಈ ಶ್ಲೋಕ ಪಟ್ಟಿಯಿಂದ ಬೇರ್ಪಡಿಸುತ್ತದೆಯೇ? ‘ಇವರು’ ಎಂಬ ಸರ್ವನಾಮ ಎಲ್ಲ ಅವತಾರಗಳನ್ನೂ ಹೇಳುತ್ತದೆಯೋ, ಹಿಂದಿನ ಶ್ಲೋಕದ ಋಷಿ ಮನುಗಳನ್ನು ಮಾತ್ರವೋ? ಉತ್ತರಾರ್ಧದಲ್ಲಿ ಯುಗಯುಗದಲ್ಲಿ ಲೋಕವನ್ನು ಕಾಯುವುದನ್ನು ಹೇಳುವ ಕ್ರಿಯಾಪದ ಬಹುವಚನದಲ್ಲಿದೆ. ಅದು ‘ಇವರು’ ಎಂಬುದಕ್ಕೆ ಹೊಂದುತ್ತದೆ. ಕೃಷ್ಣನ ಕುರಿತ ಮಾತು ನಡುವೆ ಪ್ರತ್ಯೇಕವಾಗಿ ನಿಲ್ಲುತ್ತದೆ.

ಶ್ರೀಧರರ ವ್ಯಾಖ್ಯಾನ. ಅದ್ವೈತ ಪರಂಪರೆಯ ಶ್ರೀಧರಸ್ವಾಮಿಗಳ ‘ಭಾವಾರ್ಥದೀಪಿಕೆ’ ಅವತಾರಗಳಲ್ಲಿ ತಾರತಮ್ಯವನ್ನು ಒಪ್ಪುತ್ತದೆ. ಮತ್ಸ್ಯಾದಿಗಳು ಸರ್ವಜ್ಞರೂ ಸರ್ವಶಕ್ತರೂ ಆಗಿದ್ದರೂ ಸಂದರ್ಭಕ್ಕೆ ಬೇಕಾದಷ್ಟು ಶಕ್ತಿಯನ್ನಷ್ಟೇ ತೋರುತ್ತಾರೆ. ಕುಮಾರರು, ನಾರದರಂಥವರಲ್ಲಿ ಇರುವುದು ಆವೇಶ. ಕೃಷ್ಣನಲ್ಲಿ ಎಲ್ಲ ಶಕ್ತಿಗಳೂ ಪ್ರಕಟವಾಗಿರುವುದರಿಂದ ಅವನು ಸಾಕ್ಷಾತ್ ನಾರಾಯಣ.

ಗೌಡೀಯ ಮತ. ಚೈತನ್ಯರ ಅನುಯಾಯಿಗಳಾದ ಗೌಡೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಕೃಷ್ಣನು ನಾರಾಯಣನ ಅವತಾರವಲ್ಲ, ನಾರಾಯಣನಿಗೂ ಕೃಷ್ಣನೇ ಮೂಲ. ಹದಿನಾರನೆಯ ಶತಮಾನದ ಜೀವ ಗೋಸ್ವಾಮಿಗಳು ‘ಕೃಷ್ಣಸಂದರ್ಭ’ದಲ್ಲಿ ಇದನ್ನು ಪದಗಳ ಕ್ರಮದಿಂದ ಸಾಧಿಸುತ್ತಾರೆ. ವಾಕ್ಯದಲ್ಲಿ ಮೊದಲೇ ತಿಳಿದ ವಿಷಯ (ಅನುವಾದ್ಯ) ಮುಂದೆ ಬರಬೇಕು, ಹೊಸದಾಗಿ ತಿಳಿಸುವುದು (ವಿಧೇಯ) ಅದರ ನಂತರ. ಕೃಷ್ಣನ ಹೆಸರು ಪಟ್ಟಿಯಲ್ಲಿ ಆಗಲೇ ಬಂದಿದೆ. ಅವನು ಸ್ವಯಂ ಭಗವಂತ ಎಂಬುದು ಹೊಸ ಸಂಗತಿ. ಕ್ರಮ ತಲೆಕೆಳಗಾಗಿದ್ದರೆ ಭಗವಂತನೇ ಕೃಷ್ಣನಾಗಿ ಬಂದ ಎಂಬ, ಅಂದರೆ ಅವತಾರದ, ಅರ್ಥ ಬರುತ್ತಿತ್ತು.

ಆದರೆ ಕೃಷ್ಣನನ್ನು ಅಂಶವೆಂದು ಕರೆಯುವಂತೆ ತೋರುವ ಮಾತುಗಳೂ ಭಾಗವತದಲ್ಲಿವೆ. ನರನಾರಾಯಣರು ಹರಿಯ ಅಂಶವಾಗಿ ಕೃಷ್ಣಾರ್ಜುನರಾದರೆಂದು ನಾಲ್ಕನೆಯ ಸ್ಕಂಧ ಹೇಳಿದರೆ, ಕೃಷ್ಣನ ಅವತಾರವನ್ನು ಬಿಳಿ ಮತ್ತು ಕಪ್ಪು ಕೇಶಗಳಿಗೆ ಜೋಡಿಸುವ ಪ್ರಸ್ತಾಪ ಎರಡನೆಯ ಸ್ಕಂಧದಲ್ಲಿದೆ. ಇವಕ್ಕೆ ಉತ್ತರವಾಗಿ ಜೀವ ಗೋಸ್ವಾಮಿಗಳು 1.3.28ನ್ನು ಪರಿಭಾಷಾಸೂತ್ರವೆನ್ನುತ್ತಾರೆ. ಪರಿಭಾಷೆಯನ್ನು ಒಂದೇ ಕಡೆ ಹೇಳಿದರೂ ಅದು ಇಡೀ ಗ್ರಂಥವನ್ನು ಆಳುತ್ತದೆ. ಉಳಿದ ವಾಕ್ಯಗಳ ಅರ್ಥವನ್ನು ಅದಕ್ಕೆ ಅನುಗುಣವಾಗಿಯೇ ಹೊಂದಿಸಿಕೊಳ್ಳಬೇಕು. ಈ ಶ್ಲೋಕ ನಿಜಕ್ಕೂ ಪರಿಭಾಷೆಯೇ ಎಂಬುದನ್ನು ಒಪ್ಪದವರಿಗೆ ಮುಂದಿನ ಸಮನ್ವಯ ನಿಲ್ಲುವುದಿಲ್ಲ.

ಮಾಧ್ವ ಮತ. ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದ ಮಧ್ವಾಚಾರ್ಯರು ಈ ಶ್ಲೋಕದಲ್ಲಿ ಕೃಷ್ಣನ ಹೆಚ್ಚುಗಾರಿಕೆಯನ್ನು ಕಾಣುವುದಿಲ್ಲ. ಅವರ ಸಿದ್ಧಾಂತದಲ್ಲಿ ಮೂಲರೂಪಕ್ಕೂ ಅವತಾರಗಳಿಗೂ ಲೇಶಮಾತ್ರವೂ ಭೇದವಿಲ್ಲ. ವರಾಹ, ರಾಮ, ಕೃಷ್ಣ ಎಲ್ಲರೂ ಪೂರ್ಣರು. ರಾಮನಿಗಿಂತ ಕೃಷ್ಣನಲ್ಲಿ ಗುಣ ಹೆಚ್ಚೆಂದು ಎಣಿಸುವುದೇ ದೋಷ. ‘ಭಾಗವತ ತಾತ್ಪರ್ಯನಿರ್ಣಯ’ದಲ್ಲಿ ಅವರು ಅಂಶವನ್ನು ಎರಡಾಗಿ ಬಿಡಿಸುತ್ತಾರೆ: ಜೀವರು ಪ್ರತಿಬಿಂಬಾಂಶರು, ವರಾಹಾದಿಗಳು ಸ್ವತಃ ಹರಿಯೇ. ಈ ಮಾರ್ಗದಲ್ಲಿ ಸಾಗುವ ವಿಜಯಧ್ವಜತೀರ್ಥರು ‘ಪದರತ್ನಾವಳಿ’ಯಲ್ಲಿ ‘ಕೃಷ್ಣ’ ಎಂಬುದಕ್ಕೆ ದೇವಕಿಯ ಮಗನೆಂದಲ್ಲದೆ ಮೇಘಶ್ಯಾಮನಾದ ಶೇಷಶಾಯಿ ಮೂಲರೂಪಿ ಎಂದು ಅರ್ಥ ಹೇಳುತ್ತಾರೆ. ಆಗ ಶ್ಲೋಕ ಅವತಾರಗಳಲ್ಲಿ ಒಂದನ್ನು ಮೇಲೇರಿಸುವುದಿಲ್ಲ; ಅವೆಲ್ಲವೂ ಆ ಮೂಲರೂಪಿಯೇ ಎನ್ನುತ್ತದೆ.

ಶ್ರೀವೈಷ್ಣವ ಮತ. ರಾಮಾನುಜರ ಪರಂಪರೆಯಲ್ಲಿ ವೈಕುಂಠದ ನಾರಾಯಣನೇ ಪರರೂಪ. ರಾಮ, ಕೃಷ್ಣರು ಅವನ ವಿಭವಗಳು. ವಿಭವದಲ್ಲಿ ಮುಖ್ಯ, ಗೌಣ ಎಂಬ ಭೇದವಿದೆ. ಆವೇಶಾವತಾರಗಳು ಗೌಣವಾದರೆ ಕೃಷ್ಣನು ಮುಖ್ಯ ವಿಭವ. ಈ ಚೌಕಟ್ಟಿನೊಳಗೆ ಶ್ಲೋಕ ಕೃಷ್ಣನನ್ನು ಅಂಶಾವತಾರಗಳಿಂದ ಬೇರ್ಪಡಿಸಬಲ್ಲದು, ಆದರೆ ನಾರಾಯಣನಿಗಿಂತ ಮೇಲಿರಿಸಲಾರದು.

ಪರಂಪರೆಯ ಪ್ರಶ್ನೆ. ಹದಿನೆಂಟನೆಯ ಶತಮಾನದ ಬಲದೇವ ವಿದ್ಯಾಭೂಷಣರು ಗೌಡೀಯರ ಗುರುಪರಂಪರೆಯನ್ನು ಮಧ್ವಾಚಾರ್ಯರ ಮೂಲಕ ತೋರಿಸಿದರು. ಆದರೂ ಈ ಶ್ಲೋಕದ ಅರ್ಥದಲ್ಲಿ ಗೌಡೀಯರು ಅನುಸರಿಸುವುದು ಜೀವ ಗೋಸ್ವಾಮಿಗಳನ್ನು. ಗೌಡೀಯರು ಮಾಧ್ವರ ಒಂದು ಶಾಖೆ ಎಂಬ ಮಾತನ್ನು ಪ್ರಶ್ನಿಸುವವರು ಮುಂದಿಡುವ ಸಿದ್ಧಾಂತಭೇದಗಳಲ್ಲಿ ಕೃಷ್ಣನಿಗೂ ಇತರ ಅವತಾರಗಳಿಗೂ ತಾರತಮ್ಯವಿದೆಯೇ ಎಂಬುದೂ ಒಂದು.