ಒಂದು ಶ್ರೇಢಿಯ ಎಲ್ಲೆಗಳು: ಲಾಂಬರ್ಟ್–ಆಯ್ಲರ್ ಶ್ರೇಢಿಯ ಅಭಿಸರಣ ವಿಚಾರ

ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ, ಪ್ರತಿಯೊಂದು ಪದವೂ ಹಿಂದಿನದರ ಇಷ್ಟು ಮಡಿಯೆಂಬ ಕ್ರಮದಲ್ಲಿ ನಡೆಯುವ ಶ್ರೇಢಿಯ ಮೊತ್ತವನ್ನು ಕಾಣುವ ಸೂತ್ರವು ಉಂಟು. ಅಲ್ಲಿ ಪದಗಳ ಸಂಖ್ಯೆ ಇಷ್ಟೆಂದು ಮೊದಲೇ ಗೊತ್ತಿರುವುದರಿಂದ, ಮೊತ್ತವೆಂಬುದೊಂದು ಇದೆಯೇ ಎಂಬ ಸಂದೇಹಕ್ಕೆ ಎಡೆಯಿಲ್ಲ. ಪದಗಳಿಗೆ ಕೊನೆಯಿಲ್ಲದಿರುವಾಗಲಾದರೋ ಆ ಸಂದೇಹವೇ ಮೊದಲನೆಯ ಪ್ರಶ್ನೆಯಾಗುತ್ತದೆ. ಕೂಡುತ್ತ ಹೋದಂತೆ ಮೊತ್ತವು ಒಂದು ನಿಶ್ಚಿತ ಸಂಖ್ಯೆಯನ್ನು ಬೇಕಾದಷ್ಟು ಸಮೀಪಿಸಿದರೆ ಶ್ರೇಢಿಯು ಅಭಿಸಾರಿ, ಇಲ್ಲವಾದರೆ ಅಪಸಾರಿ. ಶ್ರೇಢಿಯೊಳಗೆ ಇಚ್ಛೆಯಂತೆ ಬದಲಾಯಿಸಬಹುದಾದ x ಎಂಬ ರಾಶಿಯಿದ್ದರೆ, ಅದರ ಯಾವ ಯಾವ ಬೆಲೆಗಳಿಗೆ ಅಭಿಸರಣವುಂಟೆಂಬುದನ್ನು ಒಂದನ್ನೂ ಬಿಡದೆ ಹೇಳುವುದು ಗಣಿತಜ್ಞನ ಹೊಣೆ. ಈ ಹೊಣೆಯನ್ನು ಹೊರುವುದಕ್ಕೆ ಬೇಕಾದ ಸಾಧನಗಳು ಹೇಗೆ ಒಂದೊಂದಾಗಿ ಒದಗಿದವೆಂಬುದನ್ನು ತೋರಿಸಲು ಒಂದೇ ಶ್ರೇಢಿಯ ಚರಿತ್ರೆಯು ಸಾಕು.

ಮ್ಯೂಲೂಸ್ ಪಟ್ಟಣದಲ್ಲಿ ಹುಟ್ಟಿದ ಯೋಹಾನ್ ಹೈನ್‌ರಿಖ್ ಲಾಂಬರ್ಟನು 1758ರಲ್ಲಿ ಒಂದು ಬಗೆಯ ಸಮೀಕರಣಗಳನ್ನು ಅನಂತ ಶ್ರೇಢಿಯ ಮೂಲಕ ಬಿಡಿಸುವ ಕ್ರಮವನ್ನು ಪ್ರಕಟಿಸಿದನು. ಲಿಯೊನ್‌ಹಾರ್ಡ್ ಆಯ್ಲರನು ಅದನ್ನು ಕೈಗೆತ್ತಿಕೊಂಡು, 1783ರಲ್ಲಿ ಅಚ್ಚಾದ ತನ್ನ ಲೇಖನದಲ್ಲಿ, ಅದರದೇ ಒಂದು ಕೊನೆಯ ರೂಪವಾಗಿ ಮುಂದಿನ ಶ್ರೇಢಿಯನ್ನು ಪಡೆದನು:

y = x + 2x²/2! + 3²x³/3! + 4³x⁴/4! + …

ಇಲ್ಲಿ 3! ಎಂದರೆ 1, 2, 3 ಇವುಗಳ ಗುಣಲಬ್ಧ; ಉಳಿದವೂ ಹೀಗೆಯೇ. n ಎಂಬ ಸ್ಥಾನದಲ್ಲಿರುವ ಪದವು nⁿ⁻¹xⁿ/n!. ಈ ಶ್ರೇಢಿಯು y = xeʸ ಎಂಬ ಸಮೀಕರಣವನ್ನು ಬಿಡಿಸುತ್ತದೆ; e ಎಂಬುದು 2.71828… ಎಂದು ನಡೆಯುವ ಪ್ರಸಿದ್ಧ ಸಂಖ್ಯೆ. ಸಮೀಕರಣದಿಂದ ಶ್ರೇಢಿಯನ್ನು ಪಡೆಯುವುದು ಅಂದಿನವರಿಗೆ ಕಷ್ಟವಾಗಿರಲಿಲ್ಲ. ಅದು x ನ ಯಾವ ಬೆಲೆಗಳಿಗೆ ನಿಜವಾಗಿ ನಿಲ್ಲುತ್ತದೆಂಬುದು ಬೇರೆಯ ಮಾತು.

ಮೊದಲ ಸಾಧನವು ಪಕ್ಕಪಕ್ಕದ ಎರಡು ಪದಗಳ ಪ್ರಮಾಣ. ದಾಲಾಂಬೇರನು 1768ರಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಉದಾಹರಣೆಯಿಂದ ತೋರಿಸಿದ್ದನು: ದ್ವಿಪದ ಶ್ರೇಢಿಯೊಂದರಲ್ಲಿ ಪದಗಳು ಸುಮಾರು 300ನೆಯದರವರೆಗೆ ಇಳಿಯುತ್ತ ಬಂದು, ಅಲ್ಲಿಂದ ಮುಂದೆ ಏರತೊಡಗುತ್ತವೆ. ಆದುದರಿಂದ ಮೊದಲ ಪದಗಳ ಇಳಿತವನ್ನು ನಂಬಲಾಗದು. ಬಹುದೂರದಲ್ಲಿ ಪ್ರಮಾಣವು ಏನಾಗುತ್ತದೆಂಬುದನ್ನೇ ನೋಡಬೇಕು. ಕೋಶಿಯು 1821ರ ತನ್ನ ಪಾಠಗ್ರಂಥದಲ್ಲಿ ಇದನ್ನು ನಿಯಮವಾಗಿ ನಿಲ್ಲಿಸಿದನು. ಚಿಹ್ನೆಯನ್ನು ಲೆಕ್ಕಿಸದೆ ನೋಡಿದಾಗ ಪ್ರಮಾಣದ ಪರಮಾವಧಿಯು 1ಕ್ಕಿಂತ ಕಡಮೆಯಾದರೆ ಶ್ರೇಢಿಯು ಅಭಿಸಾರಿ, ಹೆಚ್ಚಾದರೆ ಅಪಸಾರಿ. ಸರಿಯಾಗಿ 1 ಆದರೆ ನಿಯಮವು ಮೌನ.

ಆಯ್ಲರನ ಶ್ರೇಢಿಯಲ್ಲಿ ಒಂದು ಪದದಿಂದ ಮುಂದಿನ ಪದಕ್ಕೆ ಹೋಗುವ ಪ್ರಮಾಣವು x(1 + 1/n)ⁿ⁻¹. n ಬೆಳೆದಂತೆ ಇದು ex ಅನ್ನು ಸಮೀಪಿಸುತ್ತದೆ. ಆದುದರಿಂದ x ನ ಪರಿಮಾಣವು 1/e ಗಿಂತ, ಎಂದರೆ 0.36788 ಎಂಬುದಕ್ಕಿಂತ, ಕಡಮೆಯಾದರೆ ಮೊತ್ತವುಂಟು, ಹೆಚ್ಚಾದರೆ ಇಲ್ಲ. ದಾಲಾಂಬೇರನ ಎಚ್ಚರಿಕೆಯು ಇಲ್ಲಿಯೂ ಎಷ್ಟು ಸಲ್ಲುವುದೆಂಬುದನ್ನು ನೋಡಲು x ಗೆ 0.37 ಎಂಬ ಬೆಲೆಯನ್ನು ಕೊಡಬಹುದು. ಇದು ಎಲ್ಲೆಯನ್ನು ಕೂದಲೆಳೆಯಷ್ಟು ಮೀರಿದೆ. ಪದಗಳು ಸುಮಾರು 260ನೆಯದರವರೆಗೆ ಇಳಿದು 0.0004ರಷ್ಟಾಗುತ್ತವೆ. ಅಲ್ಲಿಗೆ ಲೆಕ್ಕವನ್ನು ನಿಲ್ಲಿಸಿದವನು ಮೊತ್ತವು ಕೈಗೆ ಸಿಕ್ಕಿತೆಂದೇ ತಿಳಿಯುವನು. ಮುಂದುವರಿದವನಿಗೆ 1000ನೆಯ ಪದವು ಅದರ ಸುಮಾರು ಒಂಬತ್ತು ಮಡಿಯಾಗಿಯೂ, 3000ನೆಯದು 70ನ್ನು ಮೀರಿದುದಾಗಿಯೂ ಕಾಣುವುದು.

ಈ ವೈಫಲ್ಯವು ಆಕಸ್ಮಿಕವಲ್ಲ. ಸಮೀಕರಣವನ್ನು ತಿರುಗಿಸಿ x = ye⁻ʸ ಎಂದು ಬರೆದರೆ, y ಏರಿದಂತೆ x ಏರುತ್ತ ಬಂದು, y = 1 ಆದಾಗ 1/e ಎಂಬ ಶಿಖರವನ್ನು ಮುಟ್ಟಿ, ಮತ್ತೆ ಇಳಿಯುತ್ತದೆ. 0.37 ಆ ಶಿಖರಕ್ಕಿಂತ ಎತ್ತರದಲ್ಲಿದೆ. ಅದಕ್ಕೆ ತಕ್ಕ ವಾಸ್ತವ y ಯೇ ಇಲ್ಲ. ಇಲ್ಲದ ಉತ್ತರವನ್ನು ಶ್ರೇಢಿಯು ಕೊಡದಿರುವುದು ನ್ಯಾಯವೇ ಸರಿ. ಆದರೆ ಋಣಪಕ್ಕದಲ್ಲಿ ಹೀಗಲ್ಲ. x = −1 ಆದಾಗ y = −0.5671… ಎಂಬ ಉತ್ತರವು ಸಮೀಕರಣಕ್ಕೆ ಇದೆ, ಶ್ರೇಢಿಯು ಮಾತ್ರ ಅಪಸಾರಿ. ಇದರ ಕಾರಣವು ವಾಸ್ತವ ಸಂಖ್ಯೆಗಳ ರೇಖೆಯನ್ನು ಬಿಟ್ಟು ಮಿಶ್ರಸಂಖ್ಯೆಗಳ ಸಮತಲಕ್ಕೆ ಹೋದಾಗ ತಿಳಿಯುತ್ತದೆ. ಅಲ್ಲಿ ಅಭಿಸರಣದ ಕ್ಷೇತ್ರವು ಸೊನ್ನೆಯನ್ನು ಕೇಂದ್ರವಾಗುಳ್ಳ ವೃತ್ತ. ಕೋಶಿಯು 1831ರಿಂದ ವಿವರಿಸಿದಂತೆ, ಆ ವೃತ್ತವು ಅತ್ಯಂತ ಸಮೀಪದ ಅಡ್ಡಿಯವರೆಗೆ ಮಾತ್ರ ಹಿಗ್ಗಬಲ್ಲದು. ಬಲಗಡೆಯ ಅಡ್ಡಿಯು 1/e ಎಂಬಲ್ಲಿದ್ದರೆ, ಅಡ್ಡಿಯಿಲ್ಲದ ಎಡಗಡೆಯಲ್ಲಿಯೂ ಶ್ರೇಢಿಯು ಅಷ್ಟೇ ದೂರಕ್ಕೆ ನಿಲ್ಲಬೇಕು.

ಇನ್ನು ಉಳಿದದ್ದು ಎಲ್ಲೆಯ ಎರಡು ಬಿಂದುಗಳು, 1/e ಮತ್ತು −1/e. ಇಲ್ಲಿ ಕೋಶಿಯ ನಿಯಮವು ಮಾತನಾಡದು. ಇದಕ್ಕೆ ಬೇಕಾದ ಸಾಧನವು ಅದಕ್ಕಿಂತ ಬಹಳ ಹಿಂದೆಯೇ, 1730ರಲ್ಲಿ, ಸ್ಟರ್ಲಿಂಗನ ಗ್ರಂಥದಲ್ಲಿ ಸಿದ್ಧವಾಗಿತ್ತು. ಅವನ ಹೆಸರಿನಿಂದ ಪ್ರಸಿದ್ಧವಾದ ಸೂತ್ರದಂತೆ, n ದೊಡ್ಡದಾದಾಗ n! ಎಂಬುದು √(2πn)·nⁿe⁻ⁿ ಎಂಬುದಕ್ಕೆ ಹೆಚ್ಚು ಹೆಚ್ಚಾಗಿ ಸರಿಹೊಂದುತ್ತದೆ. ಇದನ್ನು ಬಳಸಿದರೆ ಆಯ್ಲರನ ಪದವು ಎರಡು ಭಾಗಗಳಾಗಿ ಒಡೆಯುತ್ತದೆ:

nⁿ⁻¹xⁿ/n! ≈ (1/√(2π)) · n^(−3/2) · (ex)ⁿ

ಕೊನೆಯ ಭಾಗದಲ್ಲಿ ಆಧಾರವು ಸ್ಥಿರ, ಬೆಳೆಯುವುದು ಘಾತಾಂಕ. ಇದು ಘಾತೀಯ ರಾಶಿ. ಅದರ ಹಿಂದಿನ ಭಾಗದಲ್ಲಿ ಬೆಳೆಯುವುದು ಆಧಾರ, ಘಾತಾಂಕವು ಸ್ಥಿರ. ಇದು ಬರಿಯ ಘಾತ. ಘಾತೀಯವು ಇಳಿಯುತ್ತಿರಲಿ ಏರುತ್ತಿರಲಿ, ಬಹುದೂರದಲ್ಲಿ ಘಾತವು ಅದನ್ನು ಎದುರಿಸಲಾರದು. ಘಾತೀಯದ ಪರಿಮಾಣವು ಸರಿಯಾಗಿ 1 ಆಗಿ ತಟಸ್ಥವಾದಾಗ ಮಾತ್ರ ತೀರ್ಪು ಘಾತದ ಕೈಗೆ ಬರುತ್ತದೆ. ಈ ವಿಚಾರದ ತಿರುಳು ಇಷ್ಟೇ.

ತೀರ್ಪಿನ ಸೂತ್ರವೂ ಕೋಶಿಯ 1821ರ ಗ್ರಂಥದಲ್ಲಿಯೇ ಇದೆ: 1/nᵖ ಎಂಬ ಪದಗಳ ಶ್ರೇಢಿಯು p ಯು 1ಕ್ಕಿಂತ ಹೆಚ್ಚಾದರೆ ಮಾತ್ರ ಅಭಿಸಾರಿ. ಆಯ್ಲರನ ಶ್ರೇಢಿಯಲ್ಲಿ p ಯು 3/2. ಆದುದರಿಂದ 1/e ಎಂಬಲ್ಲಿ ಮೊತ್ತವುಂಟು. −1/e ಎಂಬಲ್ಲಿ ಅವೇ ಪದಗಳು ಧನ ಋಣಗಳಾಗಿ ಸರದಿಯಿಂದ ಬರುವುದರಿಂದ ಅಲ್ಲಿಯೂ ಉಂಟು. ಎರಡು ಎಲ್ಲೆಗಳೂ ಒಳಗೆ ಸೇರಿದವು.

ಈಗ ಪ್ರತಿಯೊಂದು ಪದವನ್ನೂ ಅದರ ಸ್ಥಾನದ ಸಂಖ್ಯೆಯಿಂದ ಗುಣಿಸಿದರೆ nⁿxⁿ/n! ಎಂಬ ಸೋದರ ಶ್ರೇಢಿಯು ದೊರೆಯುತ್ತದೆ. ಘಾತೀಯ ಭಾಗವು ಬದಲಾಗದುದರಿಂದ ವೃತ್ತವೂ ಅದೇ. ಆದರೆ p ಯು 1/2 ಆಗುವುದರಿಂದ 1/e ಎಂಬಲ್ಲಿ ಮೊತ್ತವಿಲ್ಲ. −1/e ಎಂಬಲ್ಲಿಯೋ ಪದಗಳು ಸರದಿಯಿಂದ ಚಿಹ್ನೆ ಬದಲಿಸುತ್ತ, ಪರಿಮಾಣದಲ್ಲಿ ತಪ್ಪದೆ ಇಳಿಯುತ್ತ, ಸೊನ್ನೆಯತ್ತ ಹೋಗುವುದರಿಂದ, ಲೈಬ್ನಿಟ್ಸನ ನಿಯಮದಂತೆ ಮೊತ್ತವುಂಟು. ಮತ್ತೊಮ್ಮೆ ಅದೇ ರೀತಿ ಗುಣಿಸಿದರೆ ಪದಗಳು ಎಲ್ಲೆಯಲ್ಲಿ ಸೊನ್ನೆಗೆ ಇಳಿಯುವುದೇ ಇಲ್ಲ. ಎರಡು ಬಿಂದುಗಳೂ ಹೊರಗುಳಿಯುತ್ತವೆ. ಸಾಮಾನ್ಯವಾಗಿ ಪದವು nⁿ⁺ˢxⁿ/n! ಎಂದಿದ್ದರೆ ಪೂರ್ಣವಾದ ಉತ್ತರವು ಹೀಗೆ. s ಎಂಬುದು −1/2ಕ್ಕಿಂತ ಕಡಮೆಯಾದರೆ ಎರಡು ಎಲ್ಲೆಗಳೂ ಸೇರುತ್ತವೆ. ಅದು −1/2 ಆಗಿದ್ದರೂ, ಅಲ್ಲಿಂದ 1/2ರ ಒಳಗೆ ಎಲ್ಲಿದ್ದರೂ, ಎಡದ ಎಲ್ಲೆ ಮಾತ್ರ ಸೇರುತ್ತದೆ. 1/2 ಆದಾಗಲೂ ಅದನ್ನು ಮೀರಿದಾಗಲೂ ಯಾವುದೂ ಸೇರದು.

ಎಲ್ಲೆಯ ಒಂದು ಬಿಂದು ಸೇರಿದರೇನು, ಬಿಟ್ಟರೇನು ಎಂದು ಕೇಳಬಹುದು. ನೀಲ್ಸ್ ಹೆನ್ರಿಕ್ ಆಬೆಲನು 1826ರಲ್ಲಿ, ದ್ವಿಪದ ಶ್ರೇಢಿಯ ಅಭಿಸರಣವನ್ನು ಎಲ್ಲ ಬೆಲೆಗಳಿಗೂ ನಿರ್ಧರಿಸಿದ ಲೇಖನದಲ್ಲಿ, ಒಂದು ಪ್ರಮೇಯವನ್ನು ಸ್ಥಾಪಿಸಿದನು: ಎಲ್ಲೆಯಲ್ಲಿ ಶ್ರೇಢಿಗೆ ಮೊತ್ತವಿದ್ದರೆ, ಒಳಗಿನಿಂದ ಎಲ್ಲೆಗೆ ಬರುವಾಗ ದೊರೆಯುವ ಬೆಲೆಯೇ ಆ ಮೊತ್ತ. x ಎಂಬುದು 1/e ಯನ್ನು ಸಮೀಪಿಸುವಾಗ y ಯು 1ನ್ನು ಸಮೀಪಿಸುವುದರಿಂದ, ಅಲ್ಲಿ ಆಯ್ಲರನ ಶ್ರೇಢಿಯ ಮೊತ್ತವು ನಿಷ್ಕೃಷ್ಟವಾಗಿ 1. ಕೈಯಿಂದ ಕೂಡಿ ಇದನ್ನು ಊಹಿಸುವುದು ಸುಲಭವಲ್ಲ. ಮೊದಲ ಐದು ಪದಗಳು 0.3679, 0.1353, 0.0747, 0.0488, 0.0351, ಇವುಗಳ ಮೊತ್ತವು 0.6618. ನೂರು ಪದಗಳನ್ನು ಕೂಡಿದ ಮೇಲೂ ಸುಮಾರು 0.08, ಹತ್ತು ಸಾವಿರ ಪದಗಳಾದ ಮೇಲೂ ಸುಮಾರು 0.008 ಬಾಕಿಯಿರುವುದು.

ಈ 1 ಎಂಬ ಮೊತ್ತಕ್ಕೆ ಲೌಕಿಕವಾದ ಅರ್ಥವೂ ಒಂದು ದೊರೆಯಿತು. ಎಮಿಲ್ ಬೊರೆಲನು 1942ರಲ್ಲಿ ಟಿಕೀಟು ಕೊಡುವ ಕಿಟಕಿಯ ಮುಂದಿನ ಸಾಲನ್ನು ವಿಚಾರಿಸಿದನು. ಪ್ರತಿಯೊಬ್ಬನ ಕೆಲಸಕ್ಕೂ ಒಂದೇ ಹೊತ್ತು ಹಿಡಿಯುವುದು. ಆ ಹೊತ್ತಿನಲ್ಲಿ ಕ್ರಮವಿಲ್ಲದೆ, ಸರಾಸರಿಯಲ್ಲಿ ಒಬ್ಬನು, ಹೊಸದಾಗಿ ಬಂದು ಸೇರುವನು. ಒಬ್ಬನಿಂದ ಮೊದಲಾದ ಸಾಲು ಸರಿಯಾಗಿ n ಜನರಾದ ಮೇಲೆ ಬರಿದಾಗುವ ಸಂಭವನೀಯತೆಯು nⁿ⁻¹e⁻ⁿ/n!. ಇದು x = 1/e ಆದಾಗಿನ ಆಯ್ಲರನ ಪದವೇ. ಮೊತ್ತವು 1 ಆದುದರಿಂದ ಸಾಲು ಎಂದಾದರೂ ಬರಿದಾಗುವುದು ನಿಶ್ಚಯ. ಹಾಗಾದರೆ ಅಷ್ಟರೊಳಗೆ ಸರಾಸರಿಯಲ್ಲಿ ಎಷ್ಟು ಜನರ ಕೆಲಸ ಮುಗಿದಿರುತ್ತದೆ? ಸರಾಸರಿಯನ್ನು ಕಾಣಲು ಪ್ರತಿಯೊಂದು ಪದವನ್ನೂ n ನಿಂದ ಗುಣಿಸಬೇಕು. ಆಗ ಎದುರಾಗುವುದು ಎರಡನೆಯ ಶ್ರೇಢಿ, ಅದೂ ಅದಕ್ಕೆ ಮೊತ್ತವಿಲ್ಲದ ಬಿಂದುವಿನಲ್ಲಿ. ಬರುವವರ ಸರಾಸರಿಯು 0.9 ಆಗಿದ್ದರೆ ಉತ್ತರವು 10, 0.99 ಆಗಿದ್ದರೆ 100. ಸರಿಯಾಗಿ 1 ಆದಾಗ ಅನಂತ. ಸಾಲು ಮುಗಿಯುವುದು ಖಂಡಿತ, ಸರಾಸರಿಯಲ್ಲಿ ಅದರ ಉದ್ದಕ್ಕೆ ಮಿತಿಯಿಲ್ಲ. ಒಂದೇ ವೃತ್ತವುಳ್ಳ ಎರಡು ಶ್ರೇಢಿಗಳಲ್ಲಿ ಒಂದು ತನ್ನ ಎಲ್ಲೆಯನ್ನು ಒಳಗೊಂಡು ಮತ್ತೊಂದು ಬಿಟ್ಟಿರುವುದೇ ಈ ಎರಡು ಮಾತುಗಳಿಗೂ ಆಧಾರ.