ಆಂಡಯ್ಯನ ಕಬ್ಬಿಗರ ಕಾವ: ಸಂಸ್ಕೃತ ಪದ ಬಿಟ್ಟು ಕಟ್ಟಿದ ಜೈನ ಕವಿಯ ಕಾವ್ಯ

13ನೆಯ ಶತಮಾನದ ಮೊದಲ ಭಾಗದಲ್ಲಿದ್ದ ಆಂಡಯ್ಯ ಕನ್ನಡದ ಜೈನ ಕವಿಗಳಲ್ಲಿ ಒಂದು ವಿಶೇಷ ಕಾರಣಕ್ಕೆ ಹೆಸರಾದವನು. ಅವನ ‘ಕಬ್ಬಿಗರ ಕಾವ’ ಮೂರು ನೂರು ಪದ್ಯಗಳನ್ನೂ ಮುಟ್ಟದ ಪುಟ್ಟ ಕಾವ್ಯ. ಅದರಲ್ಲಿ ಸಂಸ್ಕೃತ ಪದವನ್ನು ಇದ್ದ ರೂಪದಲ್ಲೇ ತಂದು ಬಳಸುವುದಿಲ್ಲ ಎಂಬ ಕಟ್ಟನ್ನು ಕವಿ ತಾನೇ ಹಾಕಿಕೊಂಡ. ಈ ಕಟ್ಟಿನಿಂದ ಕಾವ್ಯಕ್ಕೆ ಯಾವ ದನಿ ಬಂತು, ಅದಕ್ಕೆ ಕವಿ ಏನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಇಲ್ಲಿ ನೋಡಬಹುದು.

ಹಿನ್ನೆಲೆ

ಈ ಚರ್ಚೆ ಆಂಡಯ್ಯನಿಂದ ಶುರುವಾದದ್ದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟು ಹಾಕಿ ಸಮಾಸ ಮಾಡುವುದು ದೋಷವೆಂದು ಎಚ್ಚರಿಸಿತ್ತು. 1112ರಲ್ಲಿ ಮುಳುಗುಂದದ ನಯಸೇನ ‘ಧರ್ಮಾಮೃತ’ ಬರೆದಾಗ, ಕನ್ನಡದಲ್ಲಿ ಸಂಸ್ಕೃತ ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ತುಪ್ಪವೂ ಒಳ್ಳೆಯದೇ, ಎಣ್ಣೆಯೂ ಒಳ್ಳೆಯದೇ, ಬೆರೆಸಿದರೆ ಎರಡೂ ಕೆಡುತ್ತವೆ ಎಂಬುದು ಅದರ ಒಳ ಅರ್ಥ. ಆದರೂ ನಯಸೇನ ಸಂಸ್ಕೃತ ಪದಗಳನ್ನು ಪೂರ್ತಿ ಕೈಬಿಡಲಿಲ್ಲ. ಆ ಕೆಲಸವನ್ನು ಕೊನೆಯವರೆಗೆ ಒಯ್ದವನು ಆಂಡಯ್ಯ.

ಕಟ್ಟು ಏನಿತ್ತು?

ಕನ್ನಡದ ಪದಗಳನ್ನು ಸುಲಭಕ್ಕೆ ಮೂರು ರಾಶಿ ಮಾಡಬಹುದು. ನೀರು, ಮರ, ಬಿಲ್ಲು ಇವು ಮೂಲದಿಂದಲೇ ನಮ್ಮವು. ಇವನ್ನು ದೇಶ್ಯ ಎನ್ನುತ್ತಾರೆ. ಜಲ, ವೃಕ್ಷ, ಧನುಸ್ಸು ಇವು ಸಂಸ್ಕೃತದಿಂದ ಹಾಗೆಯೇ ಬಂದ ತತ್ಸಮಗಳು. ಮೂರನೆಯ ರಾಶಿ ತದ್ಭವ. ಸಂಸ್ಕೃತದ ಪದವೇ ಜನರ ಬಾಯಲ್ಲಿ, ಹಲವು ಸಲ ಪ್ರಾಕೃತದ ಮೂಲಕ, ಸವೆದು ನುಣುಪಾದ ರೂಪ ಇದು.

ಆಂಡಯ್ಯ ಬಿಟ್ಟದ್ದು ಎರಡನೆಯ ರಾಶಿಯನ್ನು ಮಾತ್ರ. ಅವನ ಕನ್ನಡವನ್ನು ‘ಅಚ್ಚಗನ್ನಡ’ ಎನ್ನುವಾಗ ಇದನ್ನು ಮರೆಯಬಾರದು. ಅವನು ಸಂಸ್ಕೃತದ ಮೂಲವಿರುವ ಎಲ್ಲವನ್ನೂ ಹೊರಗಿಡಲಿಲ್ಲ, ಕನ್ನಡದ ನಾಲಿಗೆಗೆ ಒಗ್ಗಿದ ರೂಪವನ್ನು ಒಳಗೆ ಬಿಟ್ಟುಕೊಂಡ.

ತದ್ಭವ ಆಗುವ ದಾರಿಗಳನ್ನು ಇನ್ನೊಬ್ಬ ಜೈನ ವಿದ್ವಾಂಸ ಕೇಶಿರಾಜ ಅದೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವಾಗಿ ಬರೆದಿಟ್ಟ. ಮುಖ್ಯವಾದವು ಇಷ್ಟು. ಶ, ಷ ಇದ್ದಲ್ಲಿ ಸ ಬರುತ್ತದೆ: ಋಷಿ ರಿಸಿಯಾಗುತ್ತದೆ. ಮೊದಲಿನ ಯಕಾರ ಜಕಾರವಾಗುತ್ತದೆ: ಯಕ್ಷಿ ಜಕ್ಕಿ. ಮೊದಲಿನ ವಕಾರ ಬಕಾರವಾಗುತ್ತದೆ: ವಿದ್ಯೆ ಬಿಜ್ಜೆ. ಒತ್ತಕ್ಷರ ಒಡೆಯುತ್ತದೆ ಅಥವಾ ಒಂದೇ ಅಕ್ಷರದ ದ್ವಿತ್ವವಾಗುತ್ತದೆ: ಶ್ರೀ ಸಿರಿ, ಬ್ರಹ್ಮ ಬೊಮ್ಮ. ನಮ್ಮ ಮನೆಗಳಲ್ಲಿ ದಿನವೂ ಆಡುವ ‘ಬಸದಿ’ ಎಂಬ ಮಾತು ‘ವಸತಿ’ಯ ತದ್ಭವ ಎಂದು ತಿಳಿದರೆ ಈ ದಾರಿ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ.

ಹೆಸರಿನಲ್ಲೇ ಇರುವ ಲಾಭ

‘ಕಾವ್ಯ’ದಿಂದ ಕಬ್ಬ, ಕಬ್ಬ ಕಟ್ಟುವವನು ಕಬ್ಬಿಗ. ‘ಕಾಮ’ನ ತದ್ಭವ ಕಾವ. ಹಾಗಾಗಿ ಕಬ್ಬಿಗರ ಕಾವ ಎಂದರೆ ಕವಿಗಳ ಕಾಮದೇವ. ಆದರೆ ಕನ್ನಡದಲ್ಲಿ ಕಾವ ಎಂದರೆ ಕಾಯುವವನು, ಕಾಪಾಡುವವನು ಎಂದೂ ಆಗುತ್ತದೆ. ಆಗ ಇದೇ ಹೆಸರು ‘ಕವಿಗಳನ್ನು ಕಾಯುವವನು’ ಎಂದು ಇನ್ನೊಂದು ಅರ್ಥ ಕೊಡುತ್ತದೆ. ಸಂಸ್ಕೃತ ಬೆರೆಸದೆ ಕನ್ನಡದಲ್ಲಿ ಕಾವ್ಯ ಆಗದು ಎನ್ನುವವರಿಗೆ ಉತ್ತರವಾಗಿ ನಿಂತ ಪುಸ್ತಕಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ. ‘ಕವಿಗಳ ಕಾಮ’ ಎಂದು ಬರೆದಿದ್ದರೆ ಎರಡನೆಯ ಅರ್ಥ ಹೋಗಿಬಿಡುತ್ತಿತ್ತು.

ಕಥೆ ಮತ್ತು ದನಿ

ಕಥೆ ಹೀಗಿದೆ. ಕಾವನ ಬಳಗದವನಾದ ಚಂದ್ರನನ್ನು ಶಿವ ಒಯ್ದ ಸುದ್ದಿ ಬರುತ್ತದೆ. ಕಾವ ಪಡೆ ಕಟ್ಟಿಕೊಂಡು ಕಾಳಗಕ್ಕೆ ಹೊರಡುತ್ತಾನೆ, ತನ್ನ ಅಂಬುಗಳಿಂದ ಶಿವನನ್ನು ಅರ್ಧನಾರಿಯಾಗಿಸುತ್ತಾನೆ, ಶಾಪಕ್ಕೂ ಗುರಿಯಾಗುತ್ತಾನೆ.

ಪದದ ಆಯ್ಕೆ ಕಥೆಯ ಮೇಲೆ ಏನು ಮಾಡುತ್ತದೆ ಎಂದು ತಿಳಿಯಲು ಒಂದೇ ಸಂಗತಿಯನ್ನು ಎರಡು ಬಗೆಯಲ್ಲಿ ಹೇಳಿ ನೋಡಬಹುದು. ಇವು ಕಾವ್ಯದ ಸಾಲುಗಳಲ್ಲ, ತಿಳಿಯಲೆಂದು ಇಲ್ಲಿ ಬರೆದವು.

ಮೊದಲನೆಯದು: ಚಂದ್ರಾಪಹರಣದ ವಾರ್ತೆಯನ್ನು ಶ್ರವಣಿಸಿದ ಮನ್ಮಥನು ಕ್ರೋಧದಿಂದ ಯುದ್ಧಸನ್ನದ್ಧನಾದನು.

ಎರಡನೆಯದು: ತಿಂಗಳನ್ನು ಹೊತ್ತೊಯ್ದ ಸುದ್ದಿ ಕೇಳಿ ಕಾವ ಮುನಿದ, ಕಾಳಗಕ್ಕೆ ಅಣಿಯಾದ.

ಮೊದಲನೆಯದರಲ್ಲಿ ದೇವತೆಗಳು ದೂರದಲ್ಲಿ, ಎತ್ತರದಲ್ಲಿ ನಿಲ್ಲುತ್ತಾರೆ. ಎರಡನೆಯದರಲ್ಲಿ ಪಕ್ಕದ ಊರಿನ ಇಬ್ಬರು ಗೌಡರ ಜಗಳ ಕೇಳಿದಂತೆ ಇರುತ್ತದೆ. ಇಲ್ಲಿ ‘ಸುದ್ದಿ’ ಕೂಡ ‘ಶುದ್ಧಿ’ಯಿಂದ ಬಂದ ತದ್ಭವವೇ, ಆದರೆ ಯಾರಿಗೂ ಹೊರಗಿನದೆಂದು ಅನ್ನಿಸುವುದಿಲ್ಲ.

ಇನ್ನೂ ಒಂದು ಜಾಣತನವಿದೆ. ಕಾಮನ ಆಯುಧಗಳೆಲ್ಲ ನಮ್ಮ ಹೊಲ ತೋಟದವು: ಕಬ್ಬಿನ ಬಿಲ್ಲು, ಹೂವಿನ ಅಂಬು, ದುಂಬಿಯ ಹೆದೆ, ಗಿಳಿ, ತಂಗಾಳಿ. ಇವಕ್ಕೆಲ್ಲ ಕನ್ನಡದಲ್ಲಿ ಹೆಸರು ಮೊದಲೇ ಇವೆ. ಅಂದರೆ ಕವಿ ಪದದ ಕಟ್ಟಿಗೆ ಒಗ್ಗುವ ಕಥೆಯನ್ನೇ ಆರಿಸಿಕೊಂಡ. ಇದೇ ಕಟ್ಟಿನಲ್ಲಿ ತೀರ್ಥಂಕರ ಚರಿತೆ ಬರೆಯುವುದು ಕಷ್ಟವಿತ್ತು. ಸಮವಸರಣ, ಕೇವಲಜ್ಞಾನ, ಗುಣಸ್ಥಾನ ಇವು ಶಾಸ್ತ್ರದ ಪದಗಳು. ಬದಲಿಸಿದರೆ ಮಾತು ಹಗುರಾಗುತ್ತದೆ, ಅರ್ಥವೂ ಜಾರುತ್ತದೆ.

ಹಾಗೆಂದು ಆಂಡಯ್ಯ ತನ್ನ ಧರ್ಮವನ್ನು ಹೊರಗಿಡಲಿಲ್ಲ. ಜಗತ್ತನ್ನೇ ಗೆಲ್ಲುವ ಕಾವ ದಾರಿಯಲ್ಲಿ ಒಬ್ಬ ಜೈನ ಮುನಿಯನ್ನು ಕಂಡು ತಲೆಬಾಗುತ್ತಾನೆ. ‘ಶ್ರಮಣ’ ಎಂಬುದಕ್ಕೆ ‘ಸವಣ’ ಎಂಬ ತದ್ಭವ ಕನ್ನಡದಲ್ಲಿ ಆಗಲೇ ನೆಲೆಯಾಗಿತ್ತು. ಪದ ಸರಳ, ಗೌರವ ಮಾತ್ರ ಕಡಿಮೆಯಾಗುವುದಿಲ್ಲ, ಏಕೆಂದರೆ ಗೌರವ ಇಲ್ಲಿ ಪದದಿಂದಲ್ಲ, ಕಾವನ ನಡೆಯಿಂದ ಬರುತ್ತದೆ.

ಛಂದಸ್ಸಿನ ಲೆಕ್ಕ

ಪದ ಬದಲಾದರೆ ಮಾತ್ರೆ ಬದಲಾಗಬಹುದು. ‘ಶ್ರೀ’ ಒಂದು ಗುರು, ಎರಡು ಮಾತ್ರೆ. ‘ಸಿರಿ’ ಎರಡು ಲಘು, ಅದೂ ಎರಡು ಮಾತ್ರೆ. ಮಾತ್ರೆಯ ಲೆಕ್ಕದ ಕಂದಪದ್ಯದಲ್ಲಿ ಇದು ನಡೆಯುತ್ತದೆ, ಅಕ್ಷರಗಳನ್ನು ಎಣಿಸುವ ವೃತ್ತದಲ್ಲಿ ನಡೆಯದು. ‘ಬ್ರಹ್ಮ’, ‘ಬೊಮ್ಮ’ ಎರಡೂ ಮೂರು ಮಾತ್ರೆ, ಗುರು ಲಘುಗಳೂ ಒಂದೇ, ಹಾಗಾಗಿ ಸಾಮಾನ್ಯವಾಗಿ ತೊಡಕಿಲ್ಲ. ‘ಚಂದ್ರ’ ಮೂರು ಮಾತ್ರೆ, ‘ಚಂದಿರ’ ನಾಲ್ಕು. ಒಂದು ಪದ ಬದಲಿಸಿ ಸಾಲು ಕುಂಟಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಮಿತಿಗಳು

ಕೆಲವು ತದ್ಭವಗಳು ತತ್ಸಮಕ್ಕಿಂತಲೂ ಕಷ್ಟ. ‘ವಿದ್ಯೆ’ ಎಲ್ಲರಿಗೂ ತಿಳಿಯುತ್ತದೆ, ‘ಬಿಜ್ಜೆ’ಗೆ ಇಂದು ನಿಘಂಟು ಬೇಕು. ‘ಯಶಸ್ಸು’ ಆಡುಮಾತು, ‘ಜಸ’ ಪುಸ್ತಕದ ಮಾತು. ಆದ್ದರಿಂದ ಇಂದು ಆಂಡಯ್ಯನನ್ನು ಓದುವವರಿಗೆ ಅರ್ಥಕೋಶ ಇಲ್ಲದೆ ಆಗದು. ಅಚ್ಚಗನ್ನಡ ಎಂದರೆ ಸುಲಭ ಕನ್ನಡ ಎಂದೇ ಆಗಬೇಕಿಲ್ಲ.

ತತ್ಸಮ ಗುರುತಿಸಲು ಮಹಾಪ್ರಾಣ, ಶ, ಷ, ಋ, ಕ್ಷ, ಜ್ಞ ಹುಡುಕುವುದು ರೂಢಿ. ಇದು ಬಹುಪಾಲು ಸರಿ, ಪೂರ್ತಿ ಅಲ್ಲ. ಜಲ, ಗುರು, ಕವಿ ಇವುಗಳಲ್ಲಿ ಅಂಥ ಅಕ್ಷರವೇ ಇಲ್ಲ, ಆದರೂ ಇವು ತತ್ಸಮಗಳು.

ಇಂದಿನ ಹಾಡುಗಳಿಗೆ

ಜನ್ಮಕಲ್ಯಾಣದ ತೊಟ್ಟಿಲ ಹಾಡು ಬರೆಯುವವರಿಗೆ ಇದರಿಂದ ಒಂದು ಅಳತೆ ಸಿಗುತ್ತದೆ. ತಾಯಿ ಮಗುವನ್ನು ತೂಗುವ ಸಾಲಿನಲ್ಲಿ ‘ಶಿಶು’, ‘ಮುಖ’, ‘ನೇತ್ರ’ಕ್ಕಿಂತ ‘ಕೂಸು’, ‘ಮೊಗ’, ‘ಕಣ್ಣು’ ಹತ್ತಿರವಾಗುತ್ತವೆ. ಅದೇ ಹಾಡಿನಲ್ಲಿ ರತ್ನತ್ರಯದ ಮಾತು ಬಂದಾಗ ‘ಸಮ್ಯಗ್ದರ್ಶನ’ವನ್ನು ‘ಒಳ್ಳೆಯ ನೋಟ’ ಎಂದು ಬರೆದರೆ ಮಕ್ಕಳು ಕಣ್ಣಿನ ನೋಟವೆಂದೇ ತಿಳಿಯುತ್ತಾರೆ. ಅಲ್ಲಿ ಶಾಸ್ತ್ರಪದವನ್ನು ಇಟ್ಟು, ಮುಂದಿನ ಸಾಲಿನಲ್ಲಿ ಅದರ ಅರ್ಥವನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುವುದು ಸರಿಯಾದ ದಾರಿ.