ಪರೀಕ್ಷೆ ಒಪ್ಪದಿದ್ದಾಗ: ಅರಿಮಾ ಮಾದರಿಯ ಶೇಷಗಳನ್ನು ಓದಿದ ಐವತ್ತು ವರ್ಷ

ಕಾಲಶ್ರೇಣಿಗೆ ಅರಿಮಾ ಮಾದರಿ ಹೊಂದಿಸಿದ ಮೇಲೆ ಕೈಯಲ್ಲಿ ಉಳಿಯುವುದು ಶೇಷಗಳ ಒಂದು ಸಾಲು. ಮಾದರಿ ಸರಿಯಿದ್ದರೆ ಆ ಸಾಲಿನಲ್ಲಿ ಇಂದಿನ ಶೇಷಕ್ಕೂ ನಿನ್ನೆಯ ಶೇಷಕ್ಕೂ ನಂಟಿರಬಾರದು. ಇದನ್ನು ನೋಡಲು ಮೊದಲಿದ್ದ ದಾರಿ ಸರಳ. ಒಂದೊಂದು ಅಂತರದಲ್ಲೂ, ಅಂದರೆ ಒಂದೊಂದು ಲ್ಯಾಗ್‌ನಲ್ಲೂ, ಶೇಷಗಳ ಸ್ವಸಹಸಂಬಂಧ ಲೆಕ್ಕಹಾಕಿ, ಅದು ±2/√n ಗೆರೆಗಳ ಒಳಗಿದೆಯೇ ಎಂದು ನೋಡುವುದು. ಇಂದಿಗೂ ಹಲವರು ಮಾಡುವುದು ಇಷ್ಟೇ.

ಆ ಗೆರೆಗಳನ್ನು ನಂಬುವಂತಿಲ್ಲ ಎಂಬುದು 1970ರಲ್ಲೇ ಸ್ಪಷ್ಟವಾಯಿತು. ಆ ವರ್ಷ ಡರ್ಬಿನ್ ಒಂದು ಕಡೆ, ಬಾಕ್ಸ್ ಮತ್ತು ಪಿಯರ್ಸ್ ಇನ್ನೊಂದು ಕಡೆ ತೋರಿಸಿದ್ದು ಇದನ್ನು: ಮಾದರಿಯ ಗುಣಾಂಕಗಳನ್ನು ಅದೇ ದತ್ತಾಂಶದಿಂದ ಅಂದಾಜು ಮಾಡಿರುವುದರಿಂದ, ಮೊದಲ ಕೆಲವು ಲ್ಯಾಗ್‌ಗಳ ಸ್ವಸಹಸಂಬಂಧ ತನ್ನಷ್ಟಕ್ಕೇ ಸೊನ್ನೆಯ ಕಡೆಗೆ ಎಳೆಯಲ್ಪಟ್ಟಿರುತ್ತದೆ. ಎಆರ್(1) ಮಾದರಿಯ ಗುಣಾಂಕ 0.3, ವೀಕ್ಷಣೆಗಳು 100 ಎಂದುಕೊಳ್ಳಿ. ಶೇಷಗಳ ಮೊದಲ ಸ್ವಸಹಸಂಬಂಧದ ಪ್ರಮಾಣಿತ ವಿಚಲನೆ ಸುಮಾರು 0.3/√100, ಅಂದರೆ 0.03. ಚಿತ್ರದಲ್ಲಿ ಗೆರೆ ಇರುವುದು ಮಾತ್ರ 0.20ರಲ್ಲಿ. ಅಲ್ಲಿ 0.10 ಎಂಬ ಕಡ್ಡಿ ಗೆರೆಯೊಳಗೆ ನಿರಪಾಯವಾಗಿ ಕುಳಿತಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಮೂರು ವಿಚಲನೆಗಳಾಚೆ ಇದೆ. ಅಂತರ ಹೆಚ್ಚಿದಂತೆ ಈ ಎಳೆತ ಕರಗಿ, ಗೆರೆಗಳು ಬಹುಮಟ್ಟಿಗೆ ಸರಿಹೋಗುತ್ತವೆ.

ಬಿಡಿಬಿಡಿಯಾಗಿ ನೋಡುವ ಬದಲು ಎಲ್ಲವನ್ನೂ ಒಟ್ಟಿಗೆ ತೂಗುವ ಪೋರ್ಟ್‌ಮ್ಯಾಂಟೋ ಪರೀಕ್ಷೆ ಹುಟ್ಟಿದ್ದು ಇಲ್ಲಿಂದ. ಮೊದಲ m ಸ್ವಸಹಸಂಬಂಧಗಳ ವರ್ಗಗಳನ್ನು ಕೂಡಿ n ನಿಂದ ಗುಣಿಸಿದರೆ ಬಾಕ್ಸ್–ಪಿಯರ್ಸ್ ಅಂಕಿ ಬರುತ್ತದೆ. ಅದನ್ನು ಹೋಲಿಸಬೇಕಾದದ್ದು m − p − q ಡಿಗ್ರೀಸ್ ಆಫ್ ಫ್ರೀಡಂ ಇರುವ ಕೈ-ಸ್ಕ್ವೇರ್ ವಿತರಣೆಯ ಜತೆ. ಅಂದಾಜು ಮಾಡಿದ ಗುಣಾಂಕಗಳಷ್ಟನ್ನು ಕಳೆಯುವುದು ಮೇಲೆ ಹೇಳಿದ ಎಳೆತದ ಬಾಬ್ತಿಗೆ.

ಆದರೆ ದತ್ತಾಂಶ ಚಿಕ್ಕದಿದ್ದರೆ ಈ ಅಂಕಿ ತೀರಾ ಸೌಮ್ಯ. ಡೇವಿಸ್, ಟ್ರಿಗ್ಸ್ ಮತ್ತು ನ್ಯೂಬೋಲ್ಡ್ 1977ರಲ್ಲಿ ಇದನ್ನು ತೋರಿಸಿದರು: ನೂರಕ್ಕೆ ಐದು ಸಲ ತಿರಸ್ಕರಿಸಬೇಕಾದ ಪರೀಕ್ಷೆ ಅದಕ್ಕಿಂತ ಬಹಳ ಕಡಿಮೆ ಸಲ ತಿರಸ್ಕರಿಸುತ್ತಿತ್ತು. ಮರುವರ್ಷ ಲ್ಯುಂಗ್ ಮತ್ತು ಬಾಕ್ಸ್ ಪ್ರತಿ ವರ್ಗಕ್ಕೂ ಬೇರೆ ತೂಕ ಕೊಟ್ಟರು: Q = n(n+2) Σ rₖ²/(n−k). ಪೋರ್ಟ್‌ಮ್ಯಾಂಟೋ ಪರೀಕ್ಷೆ ಎಂದು ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇದೇ.

ಬಾಕ್ಸ್ ಮತ್ತು ಜೆಂಕಿನ್ಸ್ ತಮ್ಮ ಪುಸ್ತಕದಲ್ಲಿ ಬಳಸಿದ ವಿಮಾನ ಪ್ರಯಾಣಿಕರ ಅಂಕಿಗಳ ಮೇಲೆ ಇದನ್ನು ನಡೆಸಿ ನೋಡೋಣ. 1949ರಿಂದ 1960ರವರೆಗೆ 144 ತಿಂಗಳ ಸಂಖ್ಯೆಗಳು ಅವು. ಲಾಗ್ ತೆಗೆದು, ಒಮ್ಮೆ ಹಿಂದಿನ ತಿಂಗಳಿನಿಂದ, ಒಮ್ಮೆ ಹಿಂದಿನ ವರ್ಷದ ಅದೇ ತಿಂಗಳಿನಿಂದ ವ್ಯತ್ಯಾಸ ತೆಗೆದರೆ 131 ಉಳಿಯುತ್ತವೆ. ಇಷ್ಟಕ್ಕೇ ನಿಲ್ಲಿಸಿದರೆ ಅದೂ ಒಂದು ಅರಿಮಾ ಮಾದರಿಯೇ. ಆ 131 ಸಂಖ್ಯೆಗಳೇ ಅದರ ಶೇಷಗಳು. ಗುಣಾಂಕ ಯಾವುದೂ ಇಲ್ಲದ್ದರಿಂದ ಕಳೆಯುವುದೂ ಇಲ್ಲ.

```r
z <- diff(diff(log(AirPassengers)), 12)
Box.test(z, lag = 12, type = "Ljung-Box")
```

ಹನ್ನೆರಡು ಲ್ಯಾಗ್‌ಗಳಿಗೆ ಉತ್ತರ 51.47. ಹಳೆಯ ಬಾಕ್ಸ್–ಪಿಯರ್ಸ್ ಸೂತ್ರ ಸುಮಾರು 48 ಕೊಡುತ್ತದೆ. ಐದು ಶೇಕಡಾ ಮಟ್ಟದ ಗಡಿ 21.03. ಯಾವ ಸೂತ್ರ ಹಿಡಿದರೂ ಮಾದರಿ ತಿರಸ್ಕೃತ. ಏನು ತಪ್ಪಿದೆ ಎಂಬುದನ್ನು ಮಾತ್ರ 51.47 ಹೇಳುವುದಿಲ್ಲ, ಅದಕ್ಕೆ ಮೊತ್ತವನ್ನು ಮತ್ತೆ ಬಿಡಿಸಬೇಕು. ಲ್ಯಾಗ್ 12ರ ಸ್ವಸಹಸಂಬಂಧ −0.387, ಮೊತ್ತದಲ್ಲಿ ಅದರ ಪಾಲು ಸುಮಾರು 21.9. ಲ್ಯಾಗ್ 1ರದು −0.341, ಪಾಲು 15.6. ಲ್ಯಾಗ್ 3 ಮತ್ತು 9 ಐದರ ಆಸುಪಾಸು ಒಂದೊಂದು. ಮಿಕ್ಕ ಎಂಟೂ ಸೇರಿ ನಾಲ್ಕು.

ಎರಡೇ ಜಾಗದಲ್ಲಿ ದೊಡ್ಡ ಋಣ ಸಂಖ್ಯೆ, ಅದಾದ ಮೇಲೆ ಥಟ್ಟನೆ ಕಡಿತ. ಎಂಎ ಪದ ಕಾಣೆಯಾಗಿದೆ ಎಂಬುದರ ಗುರುತು ಇದು: ಲ್ಯಾಗ್ 1ಕ್ಕೆ ಒಂದು, ಋತುಮಾನದ ಲ್ಯಾಗ್ 12ಕ್ಕೆ ಇನ್ನೊಂದು. ಎರಡನ್ನೂ ಗುಣಿಸುವ ರೂಪದಲ್ಲಿ ಸೇರಿಸಬೇಕು ಎಂಬುದಕ್ಕೂ ಸುಳಿವಿದೆ. ಆ ರೂಪದಲ್ಲಿ ಲ್ಯಾಗ್ 11 ಮತ್ತು 13ರಲ್ಲಿ ಮೇಲಿನೆರಡರ ಗುಣಲಬ್ಧ, ಅಂದರೆ 0.13, ಕಾಣಬೇಕು. ಕಂಡದ್ದು 0.064 ಮತ್ತು 0.152. ಲೆಕ್ಕಕ್ಕೆ ಅಷ್ಟೇನೂ ದೂರವಲ್ಲ. ಮೊದಲ ಎಂಎ ಗುಣಾಂಕದ ಅಂದಾಜನ್ನು ಕೈಯಲ್ಲೇ ತೆಗೆಯಬಹುದು: θ/(1+θ²) = 0.341 ಎಂದು ಬಿಡಿಸಿದರೆ θ ಸುಮಾರು 0.4. ಕಂಪ್ಯೂಟರ್ ಕೊಡುವುದೂ 0.40ರ ಸುತ್ತಲೇ. (ಆರ್ ತಂತ್ರಾಂಶ ಇದನ್ನು ಋಣ ಚಿಹ್ನೆಯೊಂದಿಗೆ ಮುದ್ರಿಸುತ್ತದೆ, ಪುಸ್ತಕದ ಕ್ರಮವೇ ಬೇರೆ, ತಂತ್ರಾಂಶದ್ದೇ ಬೇರೆ.)

```r
fit <- arima(log(AirPassengers), c(0,1,1), seasonal = c(0,1,1))
Box.test(residuals(fit), lag = 24, type = "Ljung-Box", fitdf = 2)
```

ಈ ಸಲ ಪಿ-ಮೌಲ್ಯ 0.05ಕ್ಕಿಂತ ಸಾಕಷ್ಟು ಮೇಲಿರುತ್ತದೆ. `fitdf = 2` ಬರೆಯದಿದ್ದರೆ ತಂತ್ರಾಂಶ ಏನನ್ನೂ ಕಳೆಯುವುದಿಲ್ಲ, ಮಾದರಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. `lag` ಬರೆಯದೆ ಬಿಟ್ಟರೆ ಅದು ನೋಡುವುದು ಮೊದಲ ಲ್ಯಾಗ್ ಒಂದನ್ನೇ. ತಿಂಗಳ ಅಂಕಿಗಳಿಗೆ ಎರಡು ವರ್ಷದಷ್ಟು, 24, ಇಡುವುದು ವಾಡಿಕೆ. ಬಹಳ ಹಿಗ್ಗಿಸಿದರೆ ಒಂದೆರಡು ನಿಜವಾದ ದೋಷಗಳು ಹತ್ತಾರು ಸೊನ್ನೆಗಳ ನಡುವೆ ತೆಳುವಾಗಿಬಿಡುತ್ತವೆ.

ಗುಣಾಂಕಗಳು ಮೊದಲೇ ಇರುವ ಮಾದರಿ ತಿರಸ್ಕೃತವಾದರೆ ಶೇಷಗಳಿಗೇ ಒಂದು ಪುಟ್ಟ ಮಾದರಿ ಗುರುತಿಸಿ, ಅದನ್ನು ಹಳೆಯದರೊಳಗೆ ಇಡುವುದು ಬಾಕ್ಸ್–ಜೆಂಕಿನ್ಸ್ ಕ್ರಮ. ಎಆರ್(1)ರ ಶೇಷಗಳಲ್ಲಿ ಎಂಎ(1)ರ ಗುರುತು ಕಂಡರೆ ಮುಂದಿನ ಮಾದರಿ ಅರ್ಮಾ(1,1). ಏನೂ ನೋಡದೆ ಎರಡೂ ಕಡೆ ಒಂದೊಂದು ಪದ ಏರಿಸುವವರನ್ನು ಕಾಣುತ್ತೇವೆ. ಆಗ ಎಆರ್ ಮತ್ತು ಎಂಎ ಬದಿಗಳ ಅಂಶಗಳು ಒಂದನ್ನೊಂದು ಹೊಡೆದುಹಾಕಿ, ಗುಣಾಂಕಗಳ ಪ್ರಮಾಣಿತ ದೋಷ ಊದಿಕೊಳ್ಳುತ್ತದೆ. ವ್ಯತ್ಯಾಸ ತೆಗೆದ ಶ್ರೇಣಿಯ ಮೊದಲ ಸ್ವಸಹಸಂಬಂಧ −0.5ರ ಹತ್ತಿರವಿದ್ದು, ಸೇರಿಸಿದ ಎಂಎ ಗುಣಾಂಕ 1ಕ್ಕೆ ಅಂಟಿಕೊಂಡರೆ, ಬೇಕಿರುವುದು ಹೊಸ ಪದವಲ್ಲ. ಒಂದು ವ್ಯತ್ಯಾಸ ಹೆಚ್ಚಾಗಿದೆ, ಅದನ್ನು ತೆಗೆಯಬೇಕು.

1978ರ ನಂತರದ ಬಹುಪಾಲು ದುಡಿಮೆ ದೋಷ ಯಾವುದೆಂದು ಗುರುತಿಸುವ ಈ ದಿಕ್ಕಿನಲ್ಲಿ ಹೋಗಲಿಲ್ಲ ಎಂಬುದು ನನ್ನ ತಕರಾರು. ಮೊಂಟಿ 1994ರಲ್ಲಿ ಭಾಗಶಃ ಸ್ವಸಹಸಂಬಂಧಗಳನ್ನು ಬಳಸಿದರು. ಪೆನ್ಯಾ ಮತ್ತು ರೋಡ್ರಿಗಸ್ 2002ರಲ್ಲಿ ಸ್ವಸಹಸಂಬಂಧ ಮಾತೃಕೆಯ ಡಿಟರ್ಮಿನೆಂಟ್ ಹಿಡಿದರು. ದೋಷವನ್ನು ಹೆಚ್ಚು ಸಲ ಪತ್ತೆಹಚ್ಚುವುದು ಇವುಗಳ ಗುರಿ. ದೋಷ ಯಾವುದು ಎಂಬ ಪ್ರಶ್ನೆಗೆ ಉತ್ತರ ಹಳೆಯ ಕಡ್ಡಿಗಳ ಚಿತ್ರದಲ್ಲೇ ಉಳಿಯಿತು. ಎರಡು ಅಪವಾದಗಳಿವೆ. ಗಾಡ್‌ಫ್ರೀ 1979ರಲ್ಲಿ ಕೊಟ್ಟ ಲಗ್ರಾಂಜ್ ಗುಣಕ ಪರೀಕ್ಷೆ, ನಿರ್ದಿಷ್ಟ ಪದವೊಂದು ಬಿಟ್ಟುಹೋಗಿದೆಯೇ ಎಂದು ನೇರವಾಗಿ ಕೇಳುತ್ತದೆ. 1983ರಲ್ಲಿ ಮ್ಯಾಕ್ಲಿಯಡ್ ಮತ್ತು ಲೀ ಅದೇ ಮೊತ್ತವನ್ನು ಶೇಷಗಳ ವರ್ಗಗಳ ಮೇಲೆ ಹಾಕಿದರು. ವರ್ಗಗಳಲ್ಲಿ ನಂಟು ಕಂಡರೆ ಏರಿಳಿತದ ಗಾತ್ರವೇ ಬದಲಾಗುತ್ತಿದೆ ಎಂದರ್ಥ. ಆಗ ಲ್ಯುಂಗ್–ಬಾಕ್ಸ್‌ನ ಸಾಮಾನ್ಯ ಗಡಿಗಳನ್ನೇ ನಂಬುವಂತಿಲ್ಲ. ಸರಾಸರಿಯ ಮಾದರಿ ಸರಿಯಿದ್ದರೂ ಪರೀಕ್ಷೆ ಬೇಕಾದುದಕ್ಕಿಂತ ಹೆಚ್ಚು ಸಲ ತಿರಸ್ಕರಿಸುತ್ತದೆ. ಇಂಥ ಶೇಷಗಳಿಗೆ ಹೊಂದುವ ಗಡಿಗಳನ್ನು ಫ್ರಾಂಕ್, ರಾಯ್ ಮತ್ತು ಝಕೋಯಾನ್ 2005ರಲ್ಲಿ ಕೊಟ್ಟರು. ಇಲ್ಲಿ ಎಆರ್ ಪದ ಪೇರಿಸುತ್ತ ಹೋಗುವುದು ವ್ಯರ್ಥ. ಲಾಗ್ ತೆಗೆಯಬೇಕು, ಇಲ್ಲವೇ ಗಾರ್ಚ್ ಸೇರಿಸಬೇಕು.

ನಮ್ಮ ತಿಂಗಳವಾರು ಅಂಕಿಗಳಲ್ಲಿ ಇನ್ನೊಂದು ಕಾರಣ ಕಾದಿರುತ್ತದೆ. ದೀಪಾವಳಿ ಒಂದು ವರ್ಷ ಅಕ್ಟೋಬರ್‌ನಲ್ಲಿ, ಇನ್ನೊಂದು ವರ್ಷ ನವೆಂಬರ್‌ನಲ್ಲಿ ಬರುವುದರಿಂದ ಮಾರಾಟದ ಶೇಷಗಳಲ್ಲಿ ಲ್ಯಾಗ್ 1ರಲ್ಲೂ 11, 12, 13ರ ಸುತ್ತಲೂ ಕಡ್ಡಿಗಳೇಳಬಹುದು. ಋತುಮಾನದ ಎಂಎ ಪದ ಅವನ್ನು ಅರ್ಧಂಬರ್ಧ ಮುಚ್ಚುತ್ತದೆ, ಮುನ್ಸೂಚನೆ ಮಾತ್ರ ಹಬ್ಬದ ತಿಂಗಳಲ್ಲೇ ಕೈಕೊಡುತ್ತದೆ. ಪತ್ತೆ ಕಷ್ಟವಲ್ಲ: ದೊಡ್ಡ ಶೇಷಗಳ ತಿಂಗಳುಗಳನ್ನು ಬರೆದಿಟ್ಟು ಪಂಚಾಂಗ ತೆರೆದರೆ ಸಾಕು. ಹಬ್ಬದ ಮುಂಚಿನ ದಿನಗಳು ಯಾವ ತಿಂಗಳಲ್ಲಿ ಎಷ್ಟು ಬಿದ್ದವು ಎಂಬುದನ್ನು ಬಾಹ್ಯ ಚರವಾಗಿ `xreg` ಮೂಲಕ ಕೊಡಬೇಕು.

ದತ್ತಾಂಶ ತೀರಾ ದೊಡ್ಡದಿದ್ದರೆ ಸಮಸ್ಯೆ ತಲೆಕೆಳಗಾಗುತ್ತದೆ. ಐದು ಸಾವಿರ ವೀಕ್ಷಣೆಗಳಿದ್ದಾಗ 0.04ರ ಸ್ವಸಹಸಂಬಂಧವೊಂದೇ ಮೊತ್ತಕ್ಕೆ 8 ಸೇರಿಸುತ್ತದೆ. ಅಂಥ ಮೂರ್ನಾಲ್ಕಿದ್ದರೆ ತಿರಸ್ಕಾರ ಖಚಿತ. ಆದರೆ ಆ ಪದ ಸೇರಿಸಿ ಉಳಿಸಬಹುದಾದ ವ್ಯತ್ಯಯ 0.04ರ ವರ್ಗದಷ್ಟು, ಅಂದರೆ ಶೇಕಡಾ 0.16. ಇಂಥಲ್ಲಿ ಹೊಸ ಪದದೊಂದಿಗೂ ಇಲ್ಲದೆಯೂ ಕೊನೆಯ ಒಂದು ವರ್ಷವನ್ನು ಮುನ್ಸೂಚಿಸಿ ನೋಡಿ, ದೋಷ ಇಳಿಯದಿದ್ದರೆ ತಿರಸ್ಕೃತ ಮಾದರಿಯನ್ನೇ ಇಟ್ಟುಕೊಳ್ಳುತ್ತೇನೆ.